ಅಮ್ಮನ ಬಿಳಿಗೂದಲಿಗೆ ಬೋರಿನ ಬಣ್ಣ

ಎರಡು ವರ್ಷಗಳ ಹಿಂದೆ ಪುತ್ತೂರಿನ ಕಡೆಯ ಒಂದು ಮದುವೆ ಮನೆಯಲ್ಲಿ, ಊಟದ ಪಂಕ್ತಿಗೆ ಕಾಯುತ್ತ ಕುಳಿತಿದ್ದಾಗ, ಚಿಕ್ಕಮ್ಮ ನಮ್ಮ ಅಮ್ಮನ ತುರುಬನ್ನು ಹಿಂದಿನಿಂದ ನೋಡಿ, "ಅಕ್ಕಾ, ನೀನು ಸಹ ಮದರಂಗಿ ಹಚ್ಚಲಿಕ್ಕೆ ಶುರು ಮಾಡಿದೆಯಾ?" ಎಂದು ಕೇಳಿದರು. ಕೇಳಿದ್ದರಲ್ಲಿ ಕುಹಕವೇನೂ ಇರಲಿಲ್ಲ. ಆದರೆ ಎಪ್ಪತ್ತು ದಾಟಿದ, ಜೀವನದಲ್ಲಿ ಒಮ್ಮೆಯೂ ಕೂದಲಿಗೆ ಬಣ್ಣ ತಾಗಿಸದ ಅಮ್ಮನಿಗೆ ಅದು ಬಹಳ ನಾಟಿತು. ಸೆರಗನ್ನು ಕತ್ತಿನ ಸುತ್ತ ಎಳೆದುಕೊಂಡು, "ಇಲ್ಲ ಮಾರಾಯ್ತಿ, ನೀರಿನದ್ದು" ಎಂದಷ್ಟೇ ಹೇಳಿದರು. ಆ ಉತ್ತರವನ್ನು ಚಿಕ್ಕಮ್ಮ ನಂಬಿದಂತೆ ಕಾಣಲಿಲ್ಲ. ನಿಜ ಹೇಳಬೇಕೆಂದರೆ ಅಂದು ನಾನೂ ಪೂರ್ತಿ ನಂಬಿರಲಿಲ್ಲ. ನೀರು ಬಟ್ಟೆಯನ್ನು ಹಳದಿ ಮಾಡುವುದನ್ನು, ಬಚ್ಚಲಿನ ನೆಲದ ಮೇಲೆ ಕಂದು ಗೆರೆ ಎಳೆಯುವುದನ್ನು ಎಲ್ಲರೂ ನೋಡಿದ್ದೇವೆ. ಆದರೆ ತಲೆಗೂದಲು ಕಿತ್ತಳೆ ಬಣ್ಣಕ್ಕೆ ತಿರುಗುವುದೆಂದರೆ, ಮದರಂಗಿ ಹಾಕಿ ಎರಡು ತಿಂಗಳಾದವರ ತಲೆಯಂತೆ ಕಾಣುವುದೆಂದರೆ, ಅದು ನನಗೆ ಸ್ವಲ್ಪ ಅತಿಶಯೋಕ್ತಿಯೆನಿಸಿತ್ತು.

ನಮ್ಮ ಮನೆಯಲ್ಲಿ ಮುರಕಲ್ಲಿನಲ್ಲಿ ತೋಡಿದ ನಲವತ್ತು ಅಡಿಯ ಬಾವಿ ಇದೆ. ಅದು ಫೆಬ್ರವರಿಯ ಹೊತ್ತಿಗೇ ತಳ ಕಾಣಿಸತೊಡಗಿದ ಮೇಲೆ, ತೋಟಕ್ಕೆಂದು ಕೊರೆಸಿದ್ದ ಬೋರಿನ ಪೈಪನ್ನೇ ಬಚ್ಚಲಿಗೂ ಎಳೆಸಿದೆವು. ಬೋರಿನ ನೀರು ಮೇಲೆ ಬಂದಾಗ ಕನ್ನಡಿಯಂತೆ ತಿಳಿಯಾಗಿರುತ್ತದೆ, ನಾವು ಮೋಸಹೋದದ್ದು ಅಲ್ಲಿಯೇ. ಮೊದಲ ಸುಳಿವು ಕೂದಲಿನಿಂದಲ್ಲ, ಚಹಾದಿಂದ ಸಿಕ್ಕಿತ್ತು. ಬಾವಿ ಬತ್ತಿದ ಒಂದು ದಿನ ಬೋರಿನ ನೀರಿನಲ್ಲೇ ಮಾಡಿದ, ಹಾಲು ಹಾಕದ ಕಣ್ಣ ಚಹಾ ಶಾಯಿಯಂತೆ ಕಪ್ಪಾಗಿತ್ತು. ಚಹಾದಲ್ಲಿರುವ ಟ್ಯಾನಿನ್ ನೀರಿನಲ್ಲಿರುವ ಕಬ್ಬಿಣದೊಡನೆ ಸೇರಿದಾಗ ಕಪ್ಪಾಗುವುದು ಹಳೆಯ ಕಾಲದ ಶಾಯಿಯ ರಸಾಯನವೇ ಆಗಿದೆ. ಪೇರಳೆ ಎಲೆಯನ್ನು ಜಜ್ಜಿ ನೀರಿಗೆ ಹಾಕಿ ಅದು ಕಪ್ಪಾಗುತ್ತದೆಯೇ ಎಂದು ನೋಡುವ ಪರೀಕ್ಷೆಯ ಹಿಂದಿರುವುದೂ ಇದೇ. ಆ ದಿನ ನಾವು ಚಹಾ ಪುಡಿಯನ್ನು ಬೈದು ಸುಮ್ಮನಾದೆವು.

ಬಿಳಿಗೂದಲಿಗೇ ಏಕೆ

ಮಣ್ಣಿನಾಳದಲ್ಲಿ ಆಮ್ಲಜನಕ ತಲುಪದ ಕಡೆ ಕಬ್ಬಿಣವು ಫೆರಸ್ ರೂಪದಲ್ಲಿ ನೀರಿನಲ್ಲಿ ಸಕ್ಕರೆಯಂತೆ ಕರಗಿಕೊಂಡಿರುತ್ತದೆ, ಆಗ ಅದಕ್ಕೆ ಬಣ್ಣವಿಲ್ಲ. ಗಾಳಿ ತಾಗಿದ ಮೇಲೆ ಅದು ನಿಧಾನವಾಗಿ ಫೆರಿಕ್ ರೂಪಕ್ಕೆ ತಿರುಗಿ, ಕರಗದ ಕಿತ್ತಳೆ ಕಣಗಳಾಗುತ್ತದೆ, ಅಂದರೆ ತುಕ್ಕಾಗುತ್ತದೆ. ತೆರೆದ ಬಾವಿಯಲ್ಲಿ ಈ ಕೆಲಸ ಬಹುಮಟ್ಟಿಗೆ ಬಾವಿಯೊಳಗೇ ಆಗಿಹೋಗುತ್ತದೆ, ಕಣಗಳು ತಳ ಸೇರುತ್ತವೆ. ಬೋರಿನಲ್ಲಿ ಅದಕ್ಕೆ ಅವಕಾಶವಿಲ್ಲದ್ದರಿಂದ ತುಕ್ಕಾಗುವ ಕ್ರಿಯೆ ಮುಂದೆ ಎಲ್ಲಿ ಗಾಳಿ ಸಿಗುತ್ತದೆಯೋ ಅಲ್ಲಿ ನಡೆಯುತ್ತದೆ. ನಮ್ಮ ಮನೆಯ ಮಟ್ಟಿಗೆ ಆ ಜಾಗಗಳಲ್ಲೊಂದು ಅಮ್ಮನ ತಲೆಯಾಗಿತ್ತು.

ಕೂದಲಿನ ಹೊರಮೈ ಹೆಂಚಿನ ಮಾಡಿನಂತೆ ಒಂದರ ಮೇಲೊಂದು ಕುಳಿತ ಹೊಪ್ಪಳಗಳಿಂದಾಗಿದೆ. ನೀರಿನಲ್ಲಿ ಒದ್ದೆಯಾದ ಕೂದಲಿನ ಮೈಮೇಲೆ ಋಣ ವಿದ್ಯುದಂಶವಿರುತ್ತದೆ, ಕರಗಿದ ಕಬ್ಬಿಣದ ಅಯಾನಿಗೆ ಧನ ವಿದ್ಯುದಂಶವಿರುತ್ತದೆ. ಆದ್ದರಿಂದ ಕೂದಲು ಕಬ್ಬಿಣವನ್ನು ಹಿಡಿದಿಟ್ಟುಕೊಳ್ಳುತ್ತದೆ. ಬಿಸಿಲಿಗೆ, ಬಾಚಣಿಗೆಗೆ, ವರ್ಷಗಟ್ಟಲೆಯ ಸ್ನಾನಕ್ಕೆ ಸವೆದ ಕೂದಲಿನ ತುದಿಗಳಲ್ಲಿ ಹೀಗೆ ಹಿಡಿಯುವ ತಾಣಗಳು ಹೆಚ್ಚು, ಹೊಪ್ಪಳಗಳ ಸಂದುಗಳೂ ಅಗಲ. ಹೀಗಾಗಿ ಬುಡಕ್ಕಿಂತ ತುದಿ ಯಾವಾಗಲೂ ಹೆಚ್ಚು ಬಣ್ಣ ಕುಡಿಯುತ್ತದೆ. ಕಪ್ಪು ಕೂದಲಿನವರ ತಲೆಯ ಮೇಲೂ ಇದೇ ನಡೆಯುತ್ತಿರುತ್ತದೆ, ಆದರೆ ಮೆಲನಿನ್ನಿನ ಕಪ್ಪಿನೆದುರು ಈ ತೆಳು ಕಿತ್ತಳೆ ಕಾಣುವುದಿಲ್ಲ. ಅದೇ ಬಚ್ಚಲಿನಲ್ಲಿ ಮಿಂದ ತಮ್ಮನ ಕೂದಲು ಮೊದಲಿನಂತೆ ಕಪ್ಪಾಗಿಯೇ ಇದ್ದುದಕ್ಕೆ ಕಾರಣ ಇಷ್ಟೇ, ಅವನ ಕೂದಲಿನಲ್ಲಿ ಕಬ್ಬಿಣ ಇರಲಿಲ್ಲವೆಂದಲ್ಲ.

ಇದಕ್ಕೆ ಸೋಪು ಮತ್ತೊಂದು ಸಹಾಯ ಮಾಡುತ್ತದೆ. ಕರಾವಳಿಯ ಮುರಕಲ್ಲಿನ ಸೀಮೆಯ ನೀರು ಸಾಮಾನ್ಯವಾಗಿ ಮೆದು ನೀರು ಮತ್ತು ತುಸು ಆಮ್ಲೀಯ, ನಮ್ಮ ಬೋರಿನ ನೀರಿನ ಪಿಎಚ್ 6ರ ಸುಮಾರಿಗಿದೆ. ಫೆರಸ್ ಕಬ್ಬಿಣ ತುಕ್ಕಾಗುವ ವೇಗವು ಪಿಎಚ್‌ನ ಮೇಲೆ ವಿಪರೀತವಾಗಿ ನಿಂತಿದೆ. ಪಿಎಚ್ ಒಂದು ಅಂಕ ಏರಿದರೆ ವೇಗ ಸುಮಾರು ನೂರು ಪಟ್ಟಾಗುತ್ತದೆ. 7ರಲ್ಲಿ ಅರ್ಧ ಗಂಟೆಯ ಆಸುಪಾಸಿನಲ್ಲಿ ಅರ್ಧ ಪಾಲು ಕಬ್ಬಿಣ ತುಕ್ಕಾದರೆ, 6ರಲ್ಲಿ ಅಷ್ಟಕ್ಕೇ ಒಂದೆರಡು ದಿನ ಬೇಕು. ಹೀಗಾಗಿ ನಮ್ಮ ನೀರು ಟ್ಯಾಂಕಿಯಲ್ಲಿ ರಾತ್ರಿಯಿಡೀ ಇದ್ದರೂ ಬಹುತೇಕ ತಿಳಿಯಾಗಿಯೇ ತಲೆಯವರೆಗೆ ಬರುತ್ತದೆ. ಅಮ್ಮ ತಲೆಗೂ ಮೈಗೂ ಒಂದೇ ಸೋಪಿನ ಬಿಲ್ಲೆ ಉಜ್ಜುವವರು, ಅದರ ನೊರೆಯ ಪಿಎಚ್ 9ರಿಂದ 10. ತಿಳಿನೀರಿನಲ್ಲಿದ್ದ ಕಬ್ಬಿಣವು ಆ ನೊರೆಯೊಳಗೆ, ಕೂದಲಿನ ಎಳೆಯ ಮೇಲೆಯೇ, ಕ್ಷಣಗಳಲ್ಲಿ ತುಕ್ಕಾಗಿ ಕೂರುತ್ತದೆ. (ಕಬ್ಬಿಣದ ಬಾಣಲೆಯಲ್ಲಿ ನೆಲ್ಲಿಕಾಯಿ ಕುದಿಸಿ ತಲೆಗೆ ಹಚ್ಚಿ ಕೂದಲು ಕಪ್ಪು ಮಾಡಿಕೊಳ್ಳುತ್ತಿದ್ದವರು ಬಳಸಿದ್ದೂ ಇದೇ ಕಬ್ಬಿಣವನ್ನು. ನೆಲ್ಲಿಯ ಟ್ಯಾನಿನ್ ಜೊತೆಗಿದ್ದರೆ ಕಪ್ಪು, ಸೋಪಿನ ಕ್ಷಾರ ಜೊತೆಗಿದ್ದರೆ ಕಿತ್ತಳೆ.)

ನಾನು ತರಿಸಿದ ಫಿಲ್ಟರ್

ಬೆಂಗಳೂರಿನಲ್ಲಿ ಕುಳಿತ ಮಗ ಮಾಡುವ ಮೊದಲ ಕೆಲಸವನ್ನೇ ನಾನೂ ಮಾಡಿದೆ. ರಾತ್ರಿ ಹನ್ನೊಂದಕ್ಕೆ ಫೋನಿನಲ್ಲಿ ಹುಡುಕಿ, ಹದಿನೈದು ಪದರಗಳೆಂದು ಹೇಳಿಕೊಂಡ ಒಂದು ಶವರ್ ಫಿಲ್ಟರನ್ನು ಊರಿನ ವಿಳಾಸಕ್ಕೆ ತರಿಸಿದೆ. ಅಮ್ಮ ಶವರಿನಡಿ ನಿಂತು ಮೀಯುವವರಲ್ಲ, ಬಕೆಟಿಗೆ ಬಿಸಿನೀರು ಹಿಡಿದು ಚೊಂಬಿನಿಂದ ಹೊಯ್ದುಕೊಳ್ಳುವವರು ಎಂಬುದು ಪ್ಲಂಬರ್ ಬಂದು ನಿಂತ ಮೇಲೆ ನೆನಪಾಯಿತು. ಕೊನೆಗೆ ಅದನ್ನು ಬಕೆಟಿನ ನಲ್ಲಿಗೆ ಕೂರಿಸಿದರು. ಹತ್ತು ದಿನಗಳ ನಂತರ ಊರಿಗೆ ಹೋದಾಗ ಅಮ್ಮ ಫಿಲ್ಟರಿನ ಪಾರದರ್ಶಕ ಕೊಳವೆಯನ್ನು ಹೆಮ್ಮೆಯಿಂದ ತೋರಿಸಿದರು. ಒಳಗಿನ ಬಿಳಿ ಹತ್ತಿಯ ಬತ್ತಿ ಇಟ್ಟಿಗೆಯ ಬಣ್ಣಕ್ಕೆ ತಿರುಗಿತ್ತು. "ನೋಡು, ಎಷ್ಟು ಹಿಡಿದಿದೆ" ಎಂದರು. ನನಗೂ ಖುಷಿಯಾಯಿತು. ನಲ್ಲಿಯ ನೀರು ಸಣ್ಣ ದಾರದಷ್ಟಾಗಿತ್ತು, ಅದನ್ನು ಸಹ ಫಿಲ್ಟರ್ ಕೆಲಸ ಮಾಡುತ್ತಿರುವುದರ ಗುರುತೆಂದೇ ತಿಳಿದೆವು.

ಮೂರು ತಿಂಗಳಲ್ಲಿ ನಾಲ್ಕು ಬತ್ತಿಗಳನ್ನು ಬದಲಾಯಿಸಿದರೂ ಕೂದಲಿನ ಬಣ್ಣ ಕದಲಲಿಲ್ಲ. ಆಗ ಅಳೆಯಬೇಕೆಂಬ ಬುದ್ಧಿ ಬಂದು, ನೀರಿನಲ್ಲಿ ಕಬ್ಬಿಣ ನೋಡುವ ಸಣ್ಣ ಕಿಟ್ಟೊಂದನ್ನು ಕೊಂಡೆ. ನೀರಿಗೆ ಹನಿಗಳನ್ನು ಹಾಕಿ, ಬರುವ ಬಣ್ಣವನ್ನು ಪಟ್ಟಿಯೊಡನೆ ಹೋಲಿಸುವ ಸರಳ ವಿಧಾನವದು. ಪಂಪನ್ನು ಅರ್ಧ ಗಂಟೆ ಓಡಿಸಿದ ಮೇಲೆ ಬೋರಿನ ಬಾಯಲ್ಲಿ ಹಿಡಿದ ನೀರಿನಲ್ಲಿ ಲೀಟರಿಗೆ 4 ಮಿಲಿಗ್ರಾಮಿನ ಸುಮಾರು ಕಬ್ಬಿಣ ಕಂಡಿತು. ಅರ್ಧ ಗಂಟೆ ಓಡಿಸುವುದು ಮುಖ್ಯ. ಬೆಳಗಿನ ಮೊದಲ ನೀರು ಮಾತ್ರ ಕೆಂಪಾಗಿದ್ದು ಆಮೇಲೆ ಕಬ್ಬಿಣ ಇಳಿದುಹೋದರೆ ತಪ್ಪು ತುಕ್ಕುಹಿಡಿದ ಪೈಪಿನದು, ಅರ್ಧ ಗಂಟೆಯ ನಂತರವೂ ಇಳಿಯದಿದ್ದರೆ ಅದು ನೆಲದಾಳದ್ದು. ಬಚ್ಚಲಿನಲ್ಲಿ ಫಿಲ್ಟರಿಗೆ ಮೊದಲು ಮೂರೂವರೆ, ಫಿಲ್ಟರಿನ ನಂತರ ಮೂರಕ್ಕಿಂತ ತುಸು ಹೆಚ್ಚು ಇತ್ತು. ಅನುಮಾನ ಬಂದು, ಬೋರಿನ ನೀರನ್ನು ಹಿಡಿದ ತಕ್ಷಣವೇ ಪ್ರಯೋಗಶಾಲೆಯ ಸೋಸುಕಾಗದದಲ್ಲಿ ಸೋಸಿ ಮತ್ತೆ ಅಳೆದೆ. ಅಳತೆ ಹೆಚ್ಚುಕಡಿಮೆ ಅಷ್ಟೇ ಉಳಿಯಿತು, ಕಾಗದ ಬಿಳಿಯಾಗಿಯೇ ಇತ್ತು. ಅಂದರೆ ಕಬ್ಬಿಣದ ಬಹುಪಾಲು ಇನ್ನೂ ಕರಗಿದ ಸ್ಥಿತಿಯಲ್ಲೇ ಇತ್ತು.

ಬತ್ತಿ ಕೆಂಪಾಗಿದ್ದು ಸುಳ್ಳಲ್ಲ, ಕೂದಲು ಕೆಂಪಾಗಿಯೇ ಉಳಿದದ್ದೂ ಸುಳ್ಳಲ್ಲ. ಹತ್ತಿಯ ಬತ್ತಿ ಹಿಡಿಯುವುದು ಬಚ್ಚಲಿಗೆ ಬರುವ ಮೊದಲೇ ಕಣವಾಗಿಬಿಟ್ಟ ತುಕ್ಕನ್ನು ಮಾತ್ರ. ಆ ಕಣಗಳು ಕೂದಲಿಗೆ ಅಷ್ಟೇನೂ ಅಂಟುವಂಥವಲ್ಲ, ತೊಳೆದರೆ ಬಹುಪಾಲು ಹೋಗುತ್ತವೆ. ಬಣ್ಣ ಹಾಕುವುದು ಕರಗಿಕೊಂಡು ಬಂದು ಎಳೆಯ ಮೇಲೆಯೇ ಕಣವಾಗುವ ಕಬ್ಬಿಣ, ಅದಕ್ಕೆ ಹತ್ತಿ ಅಡ್ಡಿಯೇ ಅಲ್ಲ.

ಹಾಗಾದರೆ ಉಳಿದ ಹದಿನಾಲ್ಕು ಪದರಗಳು ಏನು ಮಾಡುತ್ತಿದ್ದವು? ನಾನು ಕೊಳವೆಯನ್ನು ಬಿಚ್ಚಿ ನೋಡಿದೆ. ಒಂದು ಲೋಟದಷ್ಟು ಜಾಗದೊಳಗೆ ಇದ್ದಿಲ ಹರಳು, ತಾಮ್ರ ಮತ್ತು ಸತುವಿನ ಮಿಶ್ರಲೋಹದ ಕಾಳು, ಬಿಳಿ ಕ್ಯಾಲ್ಸಿಯಂ ಸಲ್ಫೈಟ್, ಬಣ್ಣಬಣ್ಣದ ಸೆರಾಮಿಕ್ ಗೋಲಿಗಳು, ಇವೆಲ್ಲ ಚಮಚದಷ್ಟು ಚಮಚದಷ್ಟು ಇದ್ದವು. ಇವುಗಳಲ್ಲಿ ಮೊದಲ ಮೂರು ನಿಜವಾಗಿ ಕೆಲಸ ಮಾಡುವುದು ಕ್ಲೋರಿನ್ನಿನ ಮೇಲೆ. ಅಮೆರಿಕದಲ್ಲಿ ಶವರ್ ಫಿಲ್ಟರುಗಳಿಗೆಂದೇ ಇರುವ ಎನ್‌ಎಸ್‌ಎಫ್ 177 ಎಂಬ ಮಾನಕವು ಪರೀಕ್ಷಿಸುವುದು ಕೂಡ ಕ್ಲೋರಿನ್ ಎಷ್ಟು ಕಡಿಮೆಯಾಯಿತು ಎಂಬುದನ್ನು ಮಾತ್ರ. ಕಬ್ಬಿಣವನ್ನಾಗಲಿ ಗಡಸುತನವನ್ನಾಗಲಿ ಅದು ಮುಟ್ಟುವುದೇ ಇಲ್ಲ. ಕ್ಲೋರಿನ್ ಹಾಕದ ನಮ್ಮ ಬೋರಿನ ನೀರಿಗೆ ಆ ಪ್ರಮಾಣಪತ್ರವಿದ್ದರೂ ಒಂದೇ, ಇಲ್ಲದಿದ್ದರೂ ಒಂದೇ.

ತಾಮ್ರ ಮತ್ತು ಸತುವಿನ ಕಾಳುಗಳಲ್ಲಿ ಕಬ್ಬಿಣಕ್ಕೆಂದೇ ಮಾಡಿದ ಬಗೆಯೂ ಇದೆ, ಅದು ದೊಡ್ಡ ತೊಟ್ಟಿಯಲ್ಲಿ, ಆಗಾಗ ಹಿಮ್ಮುಖವಾಗಿ ನೀರು ಹಾಯಿಸಿ ತೊಳೆಯುವ ವ್ಯವಸ್ಥೆಯೊಡನೆ ಬಳಸುವಂಥದ್ದು. ಶವರಿನ ಕೊಳವೆಯಲ್ಲಿ ಅದಕ್ಕೆ ಸಮಯವೇ ಸಿಗುವುದಿಲ್ಲ. ಶವರಿನಲ್ಲಿ ನಿಮಿಷಕ್ಕೆ 8 ಲೀಟರ್ ನೀರು ಹರಿದರೆ ಸೆಕೆಂಡಿಗೆ ಸುಮಾರು 130 ಮಿಲಿಲೀಟರ್ ಆಯಿತು. ಲೋಟದಷ್ಟಿರುವ ಕೊಳವೆಯಲ್ಲಿ ಕಾಳುಗಳು ಬಿಟ್ಟ ಸಂದಿನಲ್ಲಿ ನೀರು ಉಳಿಯುವುದು ಒಂದೆರಡು ಸೆಕೆಂಡು. ದಿನಗಟ್ಟಲೆ ಬೇಕಾಗುವ ಕ್ರಿಯೆಗೆ ಅಷ್ಟರಲ್ಲಿ ಏನಾದೀತು?

ಇನ್ನೊಂದು ಲೆಕ್ಕವನ್ನೂ ಹಾಕಿ ನೋಡಿದೆ. ಇಬ್ಬರು ದಿನಕ್ಕೆ 80 ಲೀಟರ್ ನೀರಿನಲ್ಲಿ ಮಿಂದರೆ, ಲೀಟರಿಗೆ 4 ಮಿಲಿಗ್ರಾಮಿನಂತೆ ತಿಂಗಳಿಗೆ ಹತ್ತಿರ ಹತ್ತಿರ 10 ಗ್ರಾಂ ಕಬ್ಬಿಣ ಆ ಕೊಳವೆಯನ್ನು ಹಾಯುತ್ತದೆ. ಅಷ್ಟೂ ತುಕ್ಕಾದರೆ ಒಣಗಿದ ಪುಡಿಯೇ 15 ಗ್ರಾಂ ಮೀರುತ್ತದೆ, ಒದ್ದೆಯಲ್ಲಿ ಅದು ಲೋಳೆಯಾಗಿ ಹಲವು ಪಟ್ಟು ಉಬ್ಬಿರುತ್ತದೆ. ಹಾಗಾಗಿ ಫಿಲ್ಟರ್ ಒಂದು ವೇಳೆ ಕಬ್ಬಿಣವನ್ನೆಲ್ಲ ಹಿಡಿದೇ ಬಿಟ್ಟಿದ್ದರೂ ಒಂದೆರಡು ವಾರಗಳಲ್ಲಿ ಕಟ್ಟಿಕೊಂಡು ನೀರನ್ನೇ ನಿಲ್ಲಿಸುತ್ತಿತ್ತು. ತಿಂಗಳುಗಟ್ಟಲೆ ಕಟ್ಟಿಕೊಳ್ಳದೆ ಕಬ್ಬಿಣ ತೆಗೆಯುತ್ತೇನೆಂದು ಹೇಳುವ ಕೊಳವೆಯನ್ನು ಆ ಒಂದು ಕಾರಣಕ್ಕೇ ಸಂಶಯದಿಂದ ನೋಡಬೇಕು.

ಪ್ರಯೋಗಶಾಲೆಯ ವರದಿಯ ಬಗ್ಗೆಯೂ ಒಂದು ಮಾತು. ಕುಡಿಯುವ ನೀರಿನ ಭಾರತೀಯ ಮಾನಕ ಐಎಸ್ 10500ರಲ್ಲಿ ಕಬ್ಬಿಣದ ಮಿತಿ 2012ರಲ್ಲಿ ಲೀಟರಿಗೆ 0.3 ಮಿಲಿಗ್ರಾಂ ಇತ್ತು, 2015ರ ತಿದ್ದುಪಡಿಯಲ್ಲಿ ಅದು 1.0 ಆಯಿತು. ಆದರೆ ಬಟ್ಟೆ ಮತ್ತು ಪಿಂಗಾಣಿಯ ಮೇಲೆ ಕಲೆ ಕೂರಲು ಶುರುವಾಗುವುದು 0.3ರ ಮೇಲೆಯೇ. 0.8 ಎಂದು ಬಂದ ವರದಿಯಲ್ಲಿ ನೀರು ಮಿತಿಯೊಳಗಿದೆ ಎಂದೇ ಬರೆದಿರುತ್ತದೆ. ಅದನ್ನು ನಂಬಿ ಬಿಳಿಗೂದಲಿನವರು ನಿಶ್ಚಿಂತರಾಗುವಂತಿಲ್ಲ.

ತುಕ್ಕು ತಲೆಗೆ ಮೊದಲೇ ಆಗಬೇಕು

ಇಷ್ಟು ತಿಳಿದ ಮೇಲೆ ಮಾಡಬೇಕಾದದ್ದು ಸ್ಪಷ್ಟವಾಯಿತು. ತುಕ್ಕಾಗುವ ಕ್ರಿಯೆಯನ್ನು ಕೂದಲಿನ ಮೇಲಿನಿಂದ ತೆಗೆದು ಟ್ಯಾಂಕಿಯೊಳಗೆ ಮುಗಿಸಿಬಿಡಬೇಕು. ಬಾವಿ ಪುಕ್ಕಟೆಯಾಗಿ ಮಾಡುತ್ತಿದ್ದ ಕೆಲಸವದು. ತೋಟಕ್ಕೆ, ಕಕ್ಕಸಿಗೆ ಬೋರಿನ ನೀರು ಹಾಗೆಯೇ ಹೋಗಲಿ ಎಂದು ಬಿಟ್ಟು, ಬಚ್ಚಲಿಗೆ ಮಾತ್ರ 500 ಲೀಟರಿನ ಎರಡು ಟ್ಯಾಂಕಿಗಳನ್ನು ಇರಿಸಿದೆವು. ಒಂದು ಬಳಕೆಯಲ್ಲಿರುವಾಗ ಇನ್ನೊಂದು ನಿಂತು ತಿಳಿಯಾಗುತ್ತಿರುತ್ತದೆ. ನೀರು ಬರುವ ಪೈಪಿನ ತುದಿಗೆ ತೂತು ಕೊರೆದ ಪಿವಿಸಿ ಕೊಳವೆಯನ್ನು ಅಡ್ಡಲಾಗಿ ಕಟ್ಟಿ, ನೀರು ಒಂದೂವರೆ ಅಡಿ ಎತ್ತರದಿಂದ ಮಳೆಯಂತೆ ಬೀಳುವ ಹಾಗೆ ಮಾಡಿದೆವು. ಇದರಿಂದ ನೀರಿಗೆ ಆಮ್ಲಜನಕ ಸೇರುತ್ತದೆ. ಅದಕ್ಕಿಂತ ಮುಖ್ಯವಾಗಿ, ನೀರನ್ನು ಆಮ್ಲೀಯವಾಗಿಟ್ಟಿರುವ ಇಂಗಾಲದ ಡೈಆಕ್ಸೈಡ್ ಸ್ವಲ್ಪ ಹಾರಿಹೋಗುತ್ತದೆ.

ಬರಿಯ ಗಾಳಿ ಸಾಲಲಿಲ್ಲ. ಮೊದಲ ವಾರ ರಾತ್ರಿಯಿಡೀ ನಿಂತ ನೀರಿನಲ್ಲಿಯೂ ಎರಡೂವರೆ ಮಿಲಿಗ್ರಾಂ ಉಳಿದಿತ್ತು. ಆಗ ಅಡಿಕೆ ಮರಗಳಿಗೆ ಬೋರ್ಡೋ ಮಿಶ್ರಣ ಮಾಡಲು ತಂದಿಟ್ಟ ಸುಣ್ಣ ಕಣ್ಣಿಗೆ ಬಿತ್ತು. ಚೆನ್ನಾಗಿ ಅರಳಿಸಿದ ಸುಣ್ಣವನ್ನು ಬಕೆಟಿನಲ್ಲಿ ಕದಡಿ, ಮೇಲಿನ ಹಾಲಿನಂಥ ನೀರನ್ನು ಟ್ಯಾಂಕಿಗೆ ಸುರಿದು ಕಲಕಿ, ಪಿಎಚ್ ಕಾಗದದಲ್ಲಿ ನೋಡುತ್ತ ಹೋದೆ. ನಮ್ಮ ನೀರಿಗೆ 500 ಲೀಟರಿಗೆ 20 ಗ್ರಾಮಿನಷ್ಟು ಸುಣ್ಣದಲ್ಲಿ ಏಳೂವರೆ ಬಂತು. ಇನ್ನೊಬ್ಬರ ಬೋರಿಗೆ ಇದೇ ತೂಕ ಹೊಂದುವುದಿಲ್ಲ, ಕಾಗದ ನೋಡಿಯೇ ಹಾಕಬೇಕು. ಒಂದು ಸಲ ಅಂದಾಜಿನಲ್ಲಿ ಹೆಚ್ಚಾಗಿ, ಕೂದಲು ತೆಂಗಿನ ನಾರಿನಂತಾಯಿತೆಂದು ಅಮ್ಮನಿಂದ ಬೈಸಿಕೊಂಡದ್ದೂ ಆಯಿತು. ಪಿಎಚ್ ಸರಿಯಾದ ದಿನ ಒಂದು ಗಂಟೆಯೊಳಗೆ ಟ್ಯಾಂಕಿಯ ನೀರು ಕೆಮ್ಮಣ್ಣಿನ ಹೊಳೆಯಂತಾಯಿತು. ಇಷ್ಟು ದಿನ ತಿಳಿಯೆಂದು ತಲೆಗೆ ಹೊಯ್ದುಕೊಂಡ ನೀರು ಅದೇ ಎಂದು ನೋಡಿದಾಗ ಅಮ್ಮ ಬಹಳ ಹೊತ್ತು ಮುಚ್ಚಳ ಹಿಡಿದುಕೊಂಡೇ ನಿಂತಿದ್ದರು.

ಎಂಟು ಗಂಟೆ ನಿಲ್ಲಿಸಿದರೆ ಕೆಸರಿನ ಬಹುಪಾಲು ತಳ ಸೇರುತ್ತದೆ. ಹೊರಹೋಗುವ ನಲ್ಲಿಯನ್ನು ತಳದಿಂದ ಅರ್ಧ ಅಡಿ ಮೇಲೆ ಇಟ್ಟಿದ್ದೇವೆ, ಕೆಸರು ಬಿಡಲು ತಳದಲ್ಲಿ ಬೇರೆಯೇ ಬಾಯಿ ಇದೆ. ಅಲ್ಲಿಂದ ನೀರು 200 ಲೀಟರಿನ ಡ್ರಮ್ಮಿನಲ್ಲಿ ಜಲ್ಲಿಯ ಮೇಲೆ ಎರಡು ಅಡಿ ತುಂಬಿದ, ಚೆನ್ನಾಗಿ ತೊಳೆದ ಮರಳನ್ನು ಹಾಯ್ದು ಬಚ್ಚಲಿಗೆ ಇಳಿಯುತ್ತದೆ. ಮರಳು ಹೊಸದಾಗಿದ್ದಾಗ ಅಷ್ಟು ಚೆನ್ನಾಗಿ ಕೆಲಸ ಮಾಡಲಿಲ್ಲ. ಎರಡು ಮೂರು ವಾರಗಳಲ್ಲಿ ಅದು ಕಂದಾದ ಮೇಲೆ ಫಲಿತಾಂಶ ಸುಧಾರಿಸಿತು, ಏಕೆಂದರೆ ಕಾಳುಗಳ ಮೇಲೆ ಕೂತ ತುಕ್ಕಿನ ಲೇಪವೇ ಉಳಿದ ಫೆರಸ್ ಕಬ್ಬಿಣವನ್ನು ಎಳೆದುಕೊಂಡು ಬೇಗ ತುಕ್ಕಾಗಿಸುತ್ತದೆ. ಆದ್ದರಿಂದ ಕಂದಾದ ಮರಳನ್ನು ಕೊಳೆಯಾಯಿತೆಂದು ಎಸೆಯಬಾರದು. ನೀರಿನ ಹರಿವು ಕುಗ್ಗಿದಾಗ ಮೇಲಿನ ಒಂದು ಅಂಗುಲವನ್ನು ಕೆರೆದು ತೊಳೆದು ಹಾಕಿದರೆ ಸಾಕು. ಒಂದು ತಿಂಗಳ ನಂತರ ಬಚ್ಚಲಿನ ನೀರು ಕಿಟ್ಟಿನ ಪಟ್ಟಿಯ ಅತ್ಯಂತ ತೆಳು ಬಣ್ಣಕ್ಕೆ, 0.3ಕ್ಕೆ, ಬಂದು ನಿಂತಿತು.

ಹಳೆಯ ಬಣ್ಣ ತೆಗೆದದ್ದು

ನೀರು ಸರಿಯಾದರೂ ಕೂದಲಿನಲ್ಲಿ ಕೂತದ್ದು ತಾನಾಗಿ ಹೋಗುವುದಿಲ್ಲ. ಬಣ್ಣ ನಿಜವಾಗಿ ಕಬ್ಬಿಣದ್ದೇ ಎಂದು ಖಚಿತ ಮಾಡಿಕೊಳ್ಳಲು ಅಮ್ಮನ ಬಾಚಣಿಗೆಯಲ್ಲಿ ಸಿಕ್ಕ ನಾಲ್ಕು ಎಳೆಗಳನ್ನು ಬಿಳಿ ಬಟ್ಟಲಿನಲ್ಲಿ, ವಿಟಮಿನ್ ಸಿ ಪುಡಿ ಕರಗಿಸಿದ ನೀರಿನಲ್ಲಿ ನೆನೆಹಾಕಿದೆ. ವಿಟಮಿನ್ ಸಿ ತುಕ್ಕನ್ನು ಮತ್ತೆ ಕರಗುವ ಫೆರಸ್ ರೂಪಕ್ಕೆ ಇಳಿಸುತ್ತದೆ. ಮದರಂಗಿಯ ಬಣ್ಣ ಕೂದಲಿನ ಪ್ರೋಟೀನಿಗೇ ಬೆಸೆದುಕೊಂಡಿರುವುದರಿಂದ ಅದು ಇದಕ್ಕೆ ಜಗ್ಗುವುದಿಲ್ಲ. ಅರ್ಧ ಗಂಟೆಯಲ್ಲಿ ಎಳೆಗಳು ಕಣ್ಣಿಗೆ ಕಾಣುವಷ್ಟು ತಿಳಿಯಾದವು. ಆ ಬಟ್ಟಲನ್ನು ಚಿಕ್ಕಮ್ಮನಿಗೆ ತೋರಿಸಬೇಕೆಂದು ಅಮ್ಮ ಹಟ ಹಿಡಿದದ್ದರಿಂದ ಫೋಟೋ ತೆಗೆದು ಕಳುಹಿಸಬೇಕಾಯಿತು.

ಮಾಡಿದ ಕ್ರಮ ಹೀಗಿದೆ. ಮೊದಲು ಶಾಂಪೂ ಹಾಕಿ ತೆಂಗಿನೆಣ್ಣೆಯ ಜಿಡ್ಡನ್ನು ತೆಗೆಯಬೇಕು, ಇಲ್ಲದಿದ್ದರೆ ಆಮ್ಲ ಎಳೆಗೆ ತಾಗುವುದೇ ಇಲ್ಲ. ಒಂದು ಲೋಟ ನೀರಿಗೆ ಎರಡು ಚಮಚ ವಿಟಮಿನ್ ಸಿ ಪುಡಿ ಹಾಕಿ, ನೆತ್ತಿಗೆ ಹೆಚ್ಚು ತಾಗದಂತೆ ಉದ್ದಕ್ಕೂ ಸವರಿ, ಹದಿನೈದು ನಿಮಿಷ ಬಟ್ಟೆ ಸುತ್ತಿ ಬಿಟ್ಟು ತೊಳೆಯಬೇಕು. ಇಲ್ಲಿ ಬಹುಮಂದಿ ತಪ್ಪುವುದು ತೊಳೆಯುವ ನೀರಿನಲ್ಲಿ. ಬೋರಿನ ನೀರಿನಿಂದಲೇ ತೊಳೆದರೆ ತೆಗೆದದ್ದನ್ನು ವಾಪಸು ಕೊಟ್ಟಂತಾಗುತ್ತದೆ. ನಮಗೆ ಅದು ಜೂನ್ ತಿಂಗಳಾದ್ದರಿಂದ ಮಾಡಿನ ನೀರು ಹಿಡಿದ ಹಂಡೆ ತುಂಬಿತ್ತು. ಮೊದಲ ಸಲ ಇಳಿದ ನೀರು ತಿಳಿಹಳದಿಯಾಗಿತ್ತು. ವಾರಕ್ಕೊಮ್ಮೆಯಂತೆ ನಾಲ್ಕು ಸಲ ಮಾಡಿದ ಮೇಲೆ ತುದಿ ಬಿಟ್ಟು ಉಳಿದೆಡೆ ಕಿತ್ತಳೆ ಹೋಗಿ ಹಳೆಯ ದಂತದಂಥ ಬಣ್ಣ ಉಳಿಯಿತು.

ನೇರಳೆ ಬಣ್ಣದ ಶಾಂಪೂಗಳನ್ನೂ ಪ್ರಯತ್ನಿಸಿದ್ದೆವು. ಅವು ಹಳದಿಯ ಮೇಲೆ ನೇರಳೆ ಲೇಪಿಸಿ ಕಣ್ಣಿಗೆ ಬಿಳಿಯೆನಿಸುವಂತೆ ಮಾಡುತ್ತವೆಯೇ ಹೊರತು ಕಬ್ಬಿಣವನ್ನು ತೆಗೆಯುವುದಿಲ್ಲ. ಇವುಗಳಿಂದ ಹಾನಿಯೇನಿಲ್ಲ. ಹಾನಿಯಿರುವುದು ಬ್ಲೀಚಿನಲ್ಲಿ ಮತ್ತು ಪೆರಾಕ್ಸೈಡ್ ಇರುವ ಡೈಯಲ್ಲಿ. ಕೂದಲಿನಲ್ಲಿ ಉಳಿದಿದ್ದ ಫೆರಸ್ ಕಬ್ಬಿಣವನ್ನೂ ಬ್ಲೀಚ್ ತುಕ್ಕಾಗಿಸಿ ಕಲೆಯನ್ನು ಗಟ್ಟಿ ಮಾಡುತ್ತದೆ. ಕೂದಲಿನಲ್ಲಿ ಲೋಹ ಇರುವಾಗ ಪೆರಾಕ್ಸೈಡ್ ತಾಗಿದರೆ ಎಳೆಯೊಳಗೇ ತೀಕ್ಷ್ಣವಾದ ಕ್ರಿಯೆ ನಡೆದು ಕೂದಲು ತುಂಡಾಗುವ ಅಪಾಯವೂ ಇದೆ.

ಶವರ್ ಫಿಲ್ಟರನ್ನು ನಾನು ಬಿಸಾಡಲಿಲ್ಲ. ಅದು ಈಗ ಮರಳಿನ ಡ್ರಮ್ಮಿನ ನಂತರ, ಅದೇ ಬಕೆಟಿನ ನಲ್ಲಿಯಲ್ಲಿದೆ. ಮರಳು ದಾಟಿ ಬಂದ ಸಣ್ಣ ಕಣಗಳನ್ನು ಹಿಡಿಯುವುದು ಅದರ ಕೆಲಸ, ಅದಕ್ಕೆ ಅದು ಯೋಗ್ಯವಾಗಿಯೇ ಇದೆ. ಹತ್ತು ದಿನಕ್ಕೆ ಇಟ್ಟಿಗೆಯಾಗುತ್ತಿದ್ದ ಬತ್ತಿ ಈಗ ಎರಡು ತಿಂಗಳಿಗೆ ಕೆನೆಬಣ್ಣಕ್ಕೆ ಬರುತ್ತದೆ. ಅದು ಬೇಗ ಕೆಂಪಾಗತೊಡಗಿದರೆ ಸುಣ್ಣ ಹಾಕುವುದು ಮರೆತಿದ್ದಾರೆ ಅಥವಾ ಮರಳು ಕೆರೆಯುವ ಹೊತ್ತಾಗಿದೆ ಎಂದು ಬೆಂಗಳೂರಿನಿಂದಲೇ ಗೊತ್ತಾಗುತ್ತದೆ. ಅಮ್ಮ ವಾಟ್ಸಾಪಿನಲ್ಲಿ ಭಾನುವಾರ ಅದರ ಫೋಟೋ ಕಳುಹಿಸುತ್ತಾರೆ.

ಕೂದಲು ತಿಂಗಳಿಗೆ ಸುಮಾರು ಒಂದು ಸೆಂಟಿಮೀಟರ್ ಬೆಳೆಯುತ್ತದೆ. ಮೊನ್ನೆ ಎಣ್ಣೆ ಹಚ್ಚುವಾಗ ನೋಡಿದೆ, ಬುಡದಿಂದ ಹೆಚ್ಚುಕಡಿಮೆ ಒಂದು ಗೇಣು ಹಳೆಯ ಬಿಳಿಯೇ ಬಂದಿದೆ. ತುದಿಯ ನಾಲ್ಕು ಬೆರಳಿನಷ್ಟರಲ್ಲಿ ಮಾತ್ರ ಯಾವ ವಿಟಮಿನ್ನಿಗೂ ಬಿಡದ ತೆಳು ಕಿತ್ತಳೆ ಉಳಿದಿದೆ. ಅಷ್ಟನ್ನು ಕತ್ತರಿಸಿಬಿಡೋಣವೆಂದರೆ ಅಮ್ಮ ಒಪ್ಪುವುದಿಲ್ಲ, ತುರುಬು ಕಟ್ಟುವಾಗ ಆ ತುದಿಯನ್ನು ಒಳಗೆ ಮಡಚಿ ಪಿನ್ನು ಚುಚ್ಚಿಕೊಳ್ಳುತ್ತಾರೆ.